ಕೈಗಡದ ಡಬ್ಬಿ

ಹಿಂದ ಒಮ್ಮೆ ನಮ್ಮ ಚಿಕ್ಕಮ್ಮನ ಮಗಳು 30,000 ಕೈಗಡ ಕೇಳಿದ್ಲು. ಕೈಯಾಗ ಅಷ್ಟು ಇರಲಿಲ್ಲ, ನನ್ನ ಪಾಟ್ಲಿ ಬ್ಯಾಂಕಿನ್ಯಾಗ ಅಡವಿಟ್ಟು ಕೊಟ್ಟೆ. ಅಕಿಗೆ ತೀರಿಸೂದು ಆಗಲಿಲ್ಲ, ಬಡ್ಡಿ ನಾನ ತುಂಬಿದೆ. ಅದಕ್ಕಿಂತ ದೊಡ್ಡ ಲುಕ್ಸಾನು ಏನಂದ್ರ, ಅಕಿ ನಮ್ಮ ಮನಿಗೆ ಬರೂದ ಬಿಟ್ಲು. ಮದುವಿಯೊಳಗ ಎದುರಾದ್ರೂ ಮುಖ ತಿರುವಿ ಹೋಗತಿದ್ಲು.

ಆವಾಗಿಂದ ಮನಿ ಖರ್ಚಿನಾಗ ಉಳಿಸಿ ತಿಂಗಳಾ 500 ಒಂದು ಡಬ್ಬಿಯೊಳಗ ಹಾಕತೀನಿ. ಯಾರ ಕೇಳಿದ್ರೂ ಅದರಾಗ ಇದ್ದಷ್ಟ ಕೊಡೂದು. ಕೊಡೂ ಮುಂದ ‘ಇದು ಹೋತು’ ಅಂತ ಮನಸಿಗೆ ಹೇಳಿಕೋತೀನಿ. ಆದ್ರ ಅವರಿಗೆ ಹಂಗ ಹೇಳೂದಿಲ್ಲ, ದಾನ ಅಂದ್ರ ಯಾರಿಗಾದ್ರೂ ಹತ್ತತದ. ‘ಅನುಕೂಲ ಆದಾಗ ಕೊಡು’ ಅಂತೀನಿ. ಮೊದಲಿಂದು ಬರದ ಮತ್ತ ಕೇಳಿದ್ರ, ‘ಡಬ್ಬಿ ಇನ್ನೂ ತುಂಬಿಲ್ಲವಾ’ ಅಂದುಬಿಡತೀನಿ.

ಒಂದು ಮಾತ್ರ ಒಲ್ಲೆ. ಇನ್ನೊಬ್ಬರ ಸಲುವಾಗಿ ನನ್ನ ಹೆಸರಿನ್ಯಾಗ ಸಂಘದ ಸಾಲ ಎತ್ತೂದಿಲ್ಲ, ಜಾಮೀನು ಸಹಿನೂ ಮಾಡೂದಿಲ್ಲ. ಅವರು ಕಂತು ತಪ್ಪಿಸಿದ್ರ ಅದು ನನ್ನ ಬಾಗಿಲಿಗೇ ಬರತದ. ಅದನ್ನ ಉಡುಗೊರಿ ಅಂತ ಬಿಡಾಕ ಬರೂದಿಲ್ಲ.

ಹ್ವಾದ ವರ್ಷ ನಮ್ಮ ಓಣಿಯ ಗೆಳತಿ ಮಗನ ಕಾಲೇಜ್ ಫೀಗೆ 20,000 ಕೇಳಿದ್ಲು. ಡಬ್ಬಿಯೊಳಗ 4,000 ಇತ್ತು. ಅಕಿ ಮುಂದನ ಎಣಿಸಿ ಕೊಟ್ಟೆ. ‘ಇಷ್ಟ ಏನವಾ?’ ಅಂತ ಮಾರಿ ಸಣ್ಣದು ಮಾಡಿದ್ಲು, ಆದ್ರೂ ತಗೊಂಡು ಹ್ವಾದ್ಲು. ರೊಕ್ಕ ಇನ್ನೂ ಬಂದಿಲ್ಲ. ಪಂಚಮಿಗೆ ಮಾತ್ರ ಉಂಡಿ ತಗೊಂಡು ಬಂದಿದ್ಲು, ಕುಂತು ಚಾ ಕುಡಿದು ಹ್ವಾದ್ಲು.