‘ನೋಡಿಕೊಳ್ಳಲಾಗುವುದು’ ಅಂದ್ರೆ ಯಾರು ನೋಡ್ತಾರೆ?

ಏಳು ಜನ ಒಂದು ಗಂಟೆ ಮೀಟಿಂಗಿನಲ್ಲಿ ಕೂತರೆ ಏಳು ಗಂಟೆಯ ಕೆಲಸ ಹೋಯ್ತು. ಹೆಚ್ಚುಕಮ್ಮಿ ಒಬ್ಬನ ಇಡೀ ದಿನ. ಹೋದರೆ ಹೋಗಲಿ, ಎದ್ದು ಬರುವಾಗ ಏನಾದರೂ ಇತ್ಯರ್ಥ ಆಗಿರುತ್ತಾ ಅಂದ್ರೆ, ‘ಸರಿ, ಮುಂದಿನ ವಾರ ಮತ್ತೆ ಮಾತಾಡೋಣ’ ಅನ್ನೋದೊಂದೇ ಇತ್ಯರ್ಥ. ನಮ್ಮ ಟೀಮಿನ ಮಂಗಳವಾರದ ಮೀಟಿಂಗ್ ನಡೆಸೋ ಕೆಲಸ ನನ್ನ ತಲೆಗೆ ಬಂದಾಗ ಅದನ್ನ ಅರ್ಧ ಗಂಟೆಗೆ ಇಳಿಸಿದೆ. ಗಡಿಯಾರ ನೋಡಿ ಜನರ ಬಾಯಿ ಮುಚ್ಚಿಸಿದರೆ ಮೀಟಿಂಗ್ ಚಿಕ್ಕದಾಗುತ್ತೆ ಅಂತ ಬಹಳ ಜನ ಅಂದ್ಕೋತಾರೆ. ಅದು ಚಿಕ್ಕದಾಗೋದು ಹಿಂದಿನ ದಿನ, ಅಜೆಂಡಾ ಬರೆಯುವಾಗ.

ಒಂದು ಮೀಟಿಂಗನ್ನೇ ತಗೊಳ್ಳಿ. ಆ ವಾರ ತೀರ್ಮಾನ ಆಗಬೇಕಾಗಿದ್ದದ್ದು ನಮ್ಮ ಹಳೆಯ ಎಪಿಐ ವಿಚಾರ. ಎಪಿಐ ಅಂದ್ರೆ ಬೇರೆಯವರ ಸಾಫ್ಟ್‌ವೇರ್ ನಮ್ಮದರ ಜೊತೆ ಮಾತಾಡೋಕೆ ಇಟ್ಟಿರುವ ಬಾಗಿಲು. ಹೊಸ ಬಾಗಿಲು ತೆಗೆದು ವರ್ಷ ಆಗಿತ್ತು, ಹಳೆಯದನ್ನು ಮುಚ್ಚಬೇಕಿತ್ತು. ಮೊದಲೆಲ್ಲ ಇದು ಅಜೆಂಡಾದಲ್ಲಿ ‘ಹಳೆಯ ಎಪಿಐ ಬಗ್ಗೆ ಚರ್ಚೆ’ ಅಂತ ಬರ್ತಿತ್ತು. ‘ಬಗ್ಗೆ ಚರ್ಚೆ’ ಅಂತ ಕರೆದರೆ ಜನ ಬಂದು ಚರ್ಚೆ ಮಾಡಿ ಹೋಗ್ತಾರೆ. ತಪ್ಪೇನಿದೆ, ಕರೆದದ್ದೇ ಅದಕ್ಕಲ್ವಾ? ಹಾಗಾಗಿ ಈ ಸಲ ಸೋಮವಾರ ಮಧ್ಯಾಹ್ನವೇ ಹೀಗೆ ಬರೆದು ಕಳಿಸಿದೆ: ‘ಹಳೆಯ ಎಪಿಐಯನ್ನು ಜೂನ್ 30ಕ್ಕೆ ನಿಲ್ಲಿಸೋದಾ, ಮುಂದೂಡೋದಾ? 12 ನಿಮಿಷ.’ ಅದರ ಕೆಳಗೆ, ಈಗ ಅದನ್ನು ಯಾರ್ಯಾರು ಬಳಸ್ತಿದ್ದಾರೆ ಅನ್ನೋ ಪಟ್ಟಿ. ಇಬ್ಬರು ಗ್ರಾಹಕರ ಹೆಸರಿತ್ತು.

ಅಜೆಂಡಾದ ಸಾಲು ಪ್ರಶ್ನೆಯಾಗಿದ್ದರೆ ಉತ್ತರ ಸಿಕ್ಕಿತೋ ಇಲ್ಲವೋ ಅಂತ ಎಲ್ಲರಿಗೂ ಗೊತ್ತಾಗುತ್ತೆ. ಸಿಕ್ಕ ಮೇಲೆ ಮಾತು ತಾನಾಗಿ ನಿಲ್ಲುತ್ತೆ. ಇನ್ನೊಂದು ಲಾಭ ಕಣ್ಣಿಗೆ ಬೀಳೋದಿಲ್ಲ: ಪ್ರಶ್ನೆಯ ರೂಪಕ್ಕೆ ತರೋಕೆ ಆಗದ ವಿಷಯಗಳು ಅಲ್ಲೇ ಉದುರಿಹೋಗ್ತವೆ. ‘ಈ ವಾರ ನಾನೇನು ಮಾಡಿದೆ’ ಅಂತ ಒಬ್ಬೊಬ್ಬರೂ ಒಪ್ಪಿಸೋ ಪಾಠ ಹಾಗೇ ಉದುರಿ ಗ್ರೂಪಿನ ಮೆಸೇಜಿಗೆ ಹೋಯ್ತು.

ಪಟ್ಟಿ ಒಂದು ದಿನ ಮೊದಲೇ ಕೈಗೆ ಸಿಕ್ಕಿದ್ದರಿಂದ ಟೆಸ್ಟಿಂಗ್ ನೋಡುವ ಹುಡುಗಿ ಮೀಟಿಂಗಿಗೆ ಬರುವಾಗಲೇ ಒಂದು ಪ್ರಶ್ನೆ ತಂದಿದ್ದಳು. “ಸರ್, ನಮ್ಮ ಲಾಗ್ ಉಳಿಯೋದೇ 7 ದಿನ. ಇವತ್ತು ಜೂನ್ 10. ತಿಂಗಳಿಗೊಂದೇ ಸಲ, ಒಂದನೇ ತಾರೀಖು ಓಡೋ ಪ್ರೋಗ್ರಾಂ ಯಾವುದಾದ್ರೂ ಇದ್ರೆ ಈ ಪಟ್ಟಿಯಲ್ಲಿ ಕಾಣೋದೇ ಇಲ್ವಲ್ಲ?” ಎಲ್ಲರೂ ಸುಮ್ಮನಾದರು. ಪಟ್ಟಿಯನ್ನು ಮೀಟಿಂಗಿನಲ್ಲೇ ಮೊದಲ ಸಲ ತೋರಿಸಿದ್ದರೆ ಈ ಪ್ರಶ್ನೆ ಅವಳಿಗೆ ಹೊಳೀತಿದ್ದದ್ದು ಬಹುಶಃ ಸಂಜೆ ಬಸ್ಸಿನಲ್ಲಿ.

ಹತ್ತು ನಿಮಿಷದಲ್ಲಿ ಜುಲೈ 15ಕ್ಕೆ ಮುಂದೂಡೋಣ ಅಂತಾಯ್ತು. ನಡುವೆ ಒಬ್ಬ ಹೊಸ ಎಪಿಐಯ ವೇಗದ ಕಡೆ ಮಾತು ಎಳೆದ. ಒಳ್ಳೆ ವಿಷಯವೇ, ಆದರೆ ನಮ್ಮ ಪ್ರಶ್ನೆ ಅದಲ್ಲ. ‘ಪಕ್ಕಕ್ಕಿಟ್ಟದ್ದು’ ಅನ್ನೋ ತಲೆಬರಹದ ಕೆಳಗೆ ಅವನ ಕಣ್ಣೆದುರೇ ಬರೆದದ್ದಕ್ಕೆ ಸಮಾಧಾನ ಆಯ್ತು. ‘ಅದು ಆಮೇಲೆ’ ಅಂತ ಬಾಯಲ್ಲಿ ಹೇಳಿದ್ದರೆ ಐದು ನಿಮಿಷಕ್ಕೆ ಅದೇ ಮಾತು ವಾಪಸ್ ಬರ್ತಿತ್ತು.

ಬರೆಯೋನು ನಾನಲ್ಲ. ಮಾತು ನಡೆಸೋದು, ಬರೆಯೋದು ಎರಡೂ ಒಬ್ಬನಿಂದಲೇ ನೆಟ್ಟಗೆ ಆಗಲ್ಲ. ವಾರಕ್ಕೊಬ್ಬರಂತೆ ಸರದಿ. ಬರೆಯೋದು ಸ್ಕ್ರೀನಿನ ಮೇಲೆ, ಎಲ್ಲರಿಗೂ ಕಾಣೋ ಹಾಗೆ. ಯಾರು ಏನಂದರು ಅನ್ನೋದು ಬೇಡ, ತೀರ್ಮಾನ ಸಾಕು. ಬರೆದ ಮೇಲೆ ಅದನ್ನು ಗಟ್ಟಿಯಾಗಿ ಓದಬೇಕು. ಅವತ್ತು ಬರೆಯುತ್ತಿದ್ದವನು ಓದಿದ: “ಹಳೆಯ ಎಪಿಐಯನ್ನು ಜುಲೈ 15ಕ್ಕೆ ನಿಲ್ಲಿಸುವುದು.”

ನಮ್ಮ ಸೀನಿಯರ್ ತಡೆದರು. “ನಿಲ್ಲಿಸೋದು ಅಂದ್ರೆ? ಕೋಡನ್ನೇ ಕಿತ್ತುಹಾಕೋದಾ?”

“ಹೂಂ ಮತ್ತೆ,” ಅಂದ ಬ್ಯಾಕೆಂಡಿನವನು.

“ಅಯ್ಯೋ ಬೇಡ ಮಾರಾಯ. ಕೋಡ್ ಇರಲಿ. ಯಾರಾದ್ರೂ ಕರೆದ್ರೆ `410 Gone` ಅಂತ ಉತ್ತರ ಕೊಡಲಿ. ಏನಾದ್ರೂ ಎಡವಟ್ಟಾದ್ರೆ ವಾಪಸ್ ತೆರೀಬಹುದು.”

ನೋಡಿ, ಹತ್ತು ನಿಮಿಷ ಇಬ್ಬರೂ ಒಂದೇ ಮಾತಿಗೆ ತಲೆಯಾಡಿಸಿದ್ದಾರೆ, ಒಬ್ಬನ ತಲೆಯಲ್ಲಿ ಮನೆ ಕೆಡವೋದು, ಇನ್ನೊಬ್ಬರ ತಲೆಯಲ್ಲಿ ಬೀಗ ಹಾಕೋದು. ಓದದೇ ಇದ್ದರೆ ಇದು ಗೊತ್ತಾಗ್ತಿದ್ದದ್ದು ಜುಲೈ 15ಕ್ಕೆ. ಕೊನೆಗೆ ದಾಖಲಾದ ಸಾಲು ಹೀಗಿತ್ತು: ‘ಹಳೆಯ ಎಪಿಐಯನ್ನು ಜುಲೈ 15ರಿಂದ ಮುಚ್ಚುವುದು. ಕೋಡ್ ತೆಗೆಯುವುದಿಲ್ಲ, `410` ಉತ್ತರ ಬರುತ್ತದೆ. ಜೂನ್ 30 ಬಿಟ್ಟದ್ದಕ್ಕೆ ಕಾರಣ: ತಿಂಗಳಿಗೊಮ್ಮೆ ಕರೆಯುವವರು ಜುಲೈ 1ರ ಲಾಗ್‌ನಲ್ಲೇ ಕಾಣುವುದು.’ ಕಾರಣ ಬರೆಯೋಕೆ ಒಂದೇ ವಾಕ್ಯ ಸಾಕು. ಅದು ಇಲ್ಲದಿದ್ದರೆ ಎರಡು ವಾರದ ನಂತರ ‘ಯಾಕ್ರೀ ಮುಂದೂಡಿದ್ರಿ’ ಅಂತ ಯಾರೋ ಕೇಳ್ತಾರೆ, ಅದೇ ಚರ್ಚೆ ಮೊದಲಿಂದ ಶುರು.

ನಮ್ಮಪ್ಪ ಒಂದು ಅವಧಿಗೆ ಊರಿನ ಹಾಲಿನ ಸಂಘದ ನಿರ್ದೇಶಕರಾಗಿದ್ದರು. ಅಲ್ಲಿನ ನಡವಳಿ ಪುಸ್ತಕ ನಾನು ನೋಡಿದ್ದೇನೆ. ವಿಷಯ, ಅದರ ಕೆಳಗೆ ತೀರ್ಮಾನ, ಸೂಚಕರು, ಅನುಮೋದಕರು, ಸಹಿ. ಮುಂದಿನ ಸಭೆಯ ಮೊದಲ ವಿಷಯ ಹಿಂದಿನ ನಡವಳಿ ಓದಿ ಒಪ್ಪೋದು. ಶಿಸ್ತಿನಲ್ಲಿ ನಮ್ಮ ಕಾರ್ಪೊರೇಟ್ ಮೀಟಿಂಗಿಗಿಂತ ಎಷ್ಟೋ ವಾಸಿ. ಒಂದೇ ಕೊರತೆ, ಅದೂ ಭಾಷೆಯದ್ದು: ‘ತೂಕದ ಯಂತ್ರ ರಿಪೇರಿಗೆ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು.’ ಯಾರು ಕೈಗೊಳ್ಳಬೇಕು? ಯಾವತ್ತಿಗೆ? ‘ಮಾಡಲಾಗುವುದು, ನೋಡಿಕೊಳ್ಳಲಾಗುವುದು’ ಅನ್ನುವಂಥ ವಾಕ್ಯದಲ್ಲಿ ಕೆಲಸ ಇರುತ್ತೆ, ಮಾಡೋನು ಇರಲ್ಲ. ಇಂಗ್ಲಿಷಿನಲ್ಲಿ ಬರೆಯೋ ನಮ್ಮ ಟೀಮಿಗೂ ಇದೇ ಕಾಯಿಲೆ ಇತ್ತು.

ಆದ್ದರಿಂದ ಮುಂದಿನ ಕೆಲಸಗಳ ಪ್ರತಿ ಸಾಲೂ ಒಬ್ಬರ ಹೆಸರಿನಿಂದ ಶುರುವಾಗಬೇಕು. ಎರಡು ಹೆಸರಿದ್ದರೆ ಅವನು ಮಾಡ್ತಾನೆ ಅಂತ ಇವನು, ಇವನು ಮಾಡ್ತಾನೆ ಅಂತ ಅವನು. ‘ಟೀಮ್’ ಅಂತ ಬರೆದರಂತೂ ಮುಗೀತು. ಆ ಮಂಗಳವಾರದ ಪಟ್ಟಿಯಲ್ಲಿ ಇದ್ದದ್ದು ಮೂರೇ ಸಾಲು; ಇಲ್ಲಿ ಹೆಸರು ಬಿಟ್ಟಿದ್ದೇನೆ, ಅಲ್ಲಿ ಹೆಸರೇ ಇತ್ತು. ಬ್ಯಾಕೆಂಡಿನವನು ಜೂನ್ 17ರೊಳಗೆ ಲಾಗ್ ಉಳಿಯುವ ಅವಧಿಯನ್ನು 7ರಿಂದ 40 ದಿನಕ್ಕೆ ಏರಿಸುವುದು. ಸಪೋರ್ಟಿನವರು ಇಬ್ಬರು ಗ್ರಾಹಕರಿಗೂ ಇವತ್ತು ಸಂಜೆಯೊಳಗೆ ಜುಲೈ 15ರ ತಾರೀಖು ಹಾಕಿ ಮೇಲ್ ಕಳಿಸುವುದು. ಟೆಸ್ಟಿಂಗಿನವಳು ಜುಲೈ 2ಕ್ಕೆ ಹಿಂದಿನ ದಿನದ ಲಾಗ್ ನೋಡಿ ಹಳೆಯ ಎಪಿಐ ಕರೆದವರ ಪಟ್ಟಿ ಗ್ರೂಪಿಗೆ ಹಾಕುವುದು. ಮೂರರಲ್ಲೂ ಮುಗಿದದ್ದಕ್ಕೆ ಗುರುತಿದೆ: ಸೆಟ್ಟಿಂಗು ಬದಲಾಗಿರುತ್ತೆ, ಮೇಲ್ ಹೋಗಿರುತ್ತೆ, ಪಟ್ಟಿ ಬಿದ್ದಿರುತ್ತೆ. ‘ಲಾಗ್ ವಿಷಯ ನೋಡೋದು’ ಅಂತ ಬರೆದರೆ ಅದು ಎಂದೂ ಮುಗಿಯದ ಕೆಲಸ. ತಾರೀಖನ್ನು ಮಾಡೋನ ಬಾಯಿಂದಲೇ ಹೇಳಿಸಬೇಕು. ನಾನು ಹೇರಿದ ತಾರೀಖಿಗೆ ‘ಟ್ರೈ ಮಾಡ್ತೀನಿ’ ಅಂತಷ್ಟೇ ಉತ್ತರ ಬರೋದು.

ಮುಂದಿನ ಮಂಗಳವಾರ ಮೊದಲ ಮೂರು ನಿಮಿಷ ಇದೇ ಪಟ್ಟಿ. ಆಗಿದೆ, ಇಲ್ಲ, ಇಲ್ಲವಾದರೆ ಹೊಸ ತಾರೀಖು, ಅಷ್ಟೇ. ‘ಯಾಕೆ ಮಾಡಿಲ್ಲ’ ಅಂತ ಕೇಳಿದರೆ ನೆಪ ಸಿಗುತ್ತೆ, ‘ಏನು ಅಡ್ಡ ಬಂತು’ ಅಂದರೆ ಕೆಲವು ಸಲ ನಿಜವಾದ ಅಡ್ಡಿ ಸಿಗುತ್ತೆ. ಒಂದೇ ಸಾಲು ಮೂರು ವಾರ ಹಾಗೇ ಮುಂದಕ್ಕೆ ಹೋದರೆ ಸೋಮಾರಿತನ ಅಂತ ನಾನು ನಂಬಲ್ಲ. ಒಂದೋ ಆ ಕೆಲಸ ಯಾರಿಗೂ ಬೇಕಾಗಿಲ್ಲ, ಇಲ್ಲಾ ಅದರೊಳಗೆ ತೀರ್ಮಾನ ಆಗದ ಇನ್ನೊಂದು ಪ್ರಶ್ನೆ ಕೂತಿದೆ. ಮೊದಲನೆಯದಾದರೆ ಹೊಡೆದುಹಾಕಿ, ಎರಡನೆಯದಾದರೆ ಪ್ರಶ್ನೆಯನ್ನು ಅಜೆಂಡಾಕ್ಕೆ ತನ್ನಿ.

ಈ ಕ್ರಮ ಎಲ್ಲದಕ್ಕೂ ಒಗ್ಗಲ್ಲ. ಹೊಸದೇನನ್ನೋ ಯೋಚಿಸೋಕೆ ಕೂತಾಗ ಹನ್ನೆರಡು ನಿಮಿಷದ ಲೆಕ್ಕ ಹಿಡಿದರೆ ಯೋಚನೆ ಸಾಯುತ್ತೆ. ಇಬ್ಬರ ನಡುವಿನ ಮನಸ್ತಾಪವನ್ನು ಏಳು ಜನರ ಮುಂದೆ ಸ್ಕ್ರೀನಿನ ಮೇಲೆ ಬರೆಯೋಕಾಗುತ್ತಾ? ಇನ್ನು ಒಪ್ಪಿಗೆ ಕೊಡಬೇಕಾದ ಮ್ಯಾನೇಜರ್ ಅವತ್ತು ರಜೆಯಲ್ಲಿದ್ದರೆ ಆ ಪ್ರಶ್ನೆಯನ್ನು ಎತ್ತಿಕೊಳ್ಳೋದೇ ಬೇಡ; ಅವರಿಲ್ಲದೆ ಆದ ತೀರ್ಮಾನವನ್ನು ಅವರು ಬಂದ ಮೇಲೆ ಇನ್ನೊಂದು ಸಲ ಮಾಡಬೇಕಾಗುತ್ತೆ.

ಜುಲೈ 2ರ ಪಟ್ಟಿಯಲ್ಲಿ ಮೂರು ಹೆಸರು ಬಂತು. ಮೂರನೆಯದು ಹೊರಗಿನವರದ್ದಲ್ಲ, ನಮ್ಮದೇ ಅಕೌಂಟ್ಸಿನವರಿಗೆ ತಿಂಗಳಿಗೊಮ್ಮೆ ಲೆಕ್ಕ ಎತ್ತಿಕೊಡುವ ಪ್ರೋಗ್ರಾಂ. ಬರೆದವರು ಕಂಪನಿ ಬಿಟ್ಟು ಎಷ್ಟೋ ಕಾಲ ಆಗಿತ್ತು. ಅದನ್ನು ಹೊಸ ಎಪಿಐಗೆ ತಿರುಗಿಸೋಕೆ ಹಿಡಿದದ್ದು ಎರಡು ದಿನ. 15ಕ್ಕೆ ಬೀಗ ಬಿತ್ತು, ಫೋನ್ ಯಾರದ್ದೂ ಬರಲಿಲ್ಲ. ಅದರ ಮುಂದಿನ ಮಂಗಳವಾರ ಕೇಳಬೇಕಾದ ಪ್ರಶ್ನೆ ಒಂದೂ ಇರಲಿಲ್ಲ. ಸೋಮವಾರ ಮಧ್ಯಾಹ್ನವೇ ‘ನಾಳೆ ಮೀಟಿಂಗ್ ಇಲ್ಲ’ ಅಂತ ಮೆಸೇಜ್ ಹಾಕಿದೆ.