ಹನ್ನೆರಡು ಪ್ರೊಫೈಲುಗಳ ಪಾಠಾಂತರ

ಫೋನಿನ ಆ ತುದಿಯಲ್ಲಿದ್ದವರು ಮೃದುವಾಗಿಯೇ ಕೇಳಿದರು: "ನಿಮ್ಮ ಪ್ರೊಫೈಲಿನಲ್ಲಿ ಭಾಷಾ ಗುಣಮಟ್ಟ ಪರಿಶೀಲನೆ ಮಾಡಿದ್ದೀರಿ ಅಂತ ಇದೆ. ತಪ್ಪುಗಳನ್ನ ಯಾವ ಯಾವ ವರ್ಗ ಮಾಡಿ ಗುರುತಿಸ್ತಿದ್ರಿ?"

ನನಗೆ ಉತ್ತರ ಗೊತ್ತಿರಲಿಲ್ಲ. ಆ ಸಾಲು ನನ್ನದಾಗಿರಲಿಲ್ಲ. ಅದೇ ಕೆಲಸದಲ್ಲಿದ್ದ ಯಾರದೋ ಲಿಂಕ್ಡ್‌ಇನ್ ಪುಟದಿಂದ ಎತ್ತಿ, ಎರಡು ಪದ ಬದಲಿಸಿ ಹಾಕಿಕೊಂಡಿದ್ದೆ. ಏನೋ ತಡವರಿಸಿದೆ. ಅವರು "ಸರಿ, ತಿಳಿಸ್ತೀವಿ" ಎಂದರು. ತಿಳಿಸಲಿಲ್ಲ.

ಫೆಲೋಶಿಪ್ ಮುಗಿಯಲು ಏಳು ತಿಂಗಳು ಉಳಿದಿದ್ದವು. ನಾನು ಹಳಗನ್ನಡದ ಒಂದು ವೈದ್ಯಗ್ರಂಥದ ಐದು ಓಲೆಪ್ರತಿಗಳನ್ನು ಹೋಲಿಸಿ ಸಂಪಾದಿಸುತ್ತಿರುವವಳು. ಅಧ್ಯಾಪಕ ಹುದ್ದೆಗೆ ಕಾಯುತ್ತ ಕೂರುವ ಸ್ಥಿತಿ ಮನೆಯಲ್ಲಿರಲಿಲ್ಲ. ಕನ್ನಡ ಬಲ್ಲವರಿಗೆ ತೆರೆದಿರುವ ಒಂದು ಬಾಗಿಲು ಲೋಕಲೈಸೇಷನ್, ಅಂದರೆ ಆ್ಯಪು, ಜಾಲತಾಣ, ಬಳಕೆದಾರರ ಕೈಪಿಡಿಗಳನ್ನು ಕನ್ನಡಕ್ಕೆ ಒಗ್ಗಿಸುವ ಕೆಲಸ. ಅದಕ್ಕೆ ಅರ್ಜಿ ಹಾಕುತ್ತಿದ್ದೆ.

ಆ ಫೋನಾದ ಮೇಲೆ ಎರಡು ದಿನ ನಾಚಿಕೆಯಿಂದ ಕಂಪ್ಯೂಟರ್ ಮುಟ್ಟಲಿಲ್ಲ. ಯುಜಿಸಿಯ 2018ರ ಕೃತಿಚೌರ್ಯ ನಿಯಮಾವಳಿಯನ್ನು ಕಿರಿಯರಿಗೆ ಓದಿ ವಿವರಿಸಿದ್ದವಳೇ ನಾನು. ಕಾಕತಾಳೀಯ ಹೋಲಿಕೆಯೆಂದು ಸತತ ಹದಿನಾಲ್ಕು ಪದಗಳವರೆಗೆ ಅಲ್ಲಿ ವಿನಾಯಿತಿಯಿದೆ. ಆದರೆ ಲಿಂಕ್ಡ್‌ಇನ್ ಹೆಡ್‌ಲೈನಿಗೆ ಸಿಗುವುದೇ 220 ಅಕ್ಷರ. ಹದಿನಾಲ್ಕು ಪದ ಹಾಗೇ ಬಂದರೆ ಹೆಚ್ಚುಕಡಿಮೆ ಇಡೀ ಹೆಡ್‌ಲೈನೇ ಬಂದಂತೆ. ಆ ಅಳತೆಗೋಲು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹಾಗಂತ ಬೇರೆಯವರ ಪುಟ ನೋಡದೆಯೂ ಬರೆಯಲಾಗದು. ಮೊದಲು ನನ್ನ ಹೆಡ್‌ಲೈನಿನಲ್ಲಿ "ಸಂಶೋಧನಾ ವಿದ್ಯಾರ್ಥಿನಿ, ಕನ್ನಡ ಅಧ್ಯಯನ ವಿಭಾಗ" ಎಂದಷ್ಟೇ ಇತ್ತು. ನೇಮಕಾತಿಯವರು ಹುಡುಕುವುದು ಅವರ ಪದಗಳಲ್ಲಿ, ನಮ್ಮ ಪದಗಳಲ್ಲಲ್ಲ. ಅವರ ಪದಗಳನ್ನು ಕಲಿಯಬೇಕು, ಆದರೆ ಇನ್ನೊಬ್ಬರ ವಾಕ್ಯ ಕದಿಯಬಾರದು. ಈ ಎರಡರ ನಡುವಿನ ದಾರಿ ಯಾವುದೆಂದು ಯೋಚಿಸುವಾಗ ಹೊಳೆಯಿತು: ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದೇ ಅಲ್ಲವೆ ನಾಲ್ಕು ವರ್ಷದಿಂದ ನಾನು ಮಾಡುತ್ತಿರುವುದು?

ಮೊದಲ ಕೆಲಸ ಪ್ರತಿಗಳ ಸಂಗ್ರಹ. ಹುಡುಕಾಟದ ಪೆಟ್ಟಿಗೆಯಲ್ಲಿ ಹೀಗೆ ಹಾಕಿದೆ:

```
("localization specialist" OR "language specialist" OR linguist) AND Kannada
```

ಒಂದೇ ಕೆಲಸವನ್ನು ಕಂಪನಿಗಳು ಬೇರೆ ಬೇರೆ ಹೆಸರಿನಿಂದ ಕರೆಯುವುದರಿಂದ ಮೂರು ಹೆಸರುಗಳೂ ಬೇಕಾದವು. ಬಂದ ಎಲ್ಲರನ್ನೂ ತೆಗೆದುಕೊಳ್ಳಲಿಲ್ಲ. ಹದಿನೈದು ವರ್ಷ ಅನುಭವವಿರುವವರನ್ನು ಬಿಟ್ಟೆ. ಅವರಿಗೆ ಕೆಲಸ ಸಿಗುವುದು ಪರಿಚಯದಿಂದ, ಪುಟದಿಂದಲ್ಲ. ಈ ಕೆಲಸಕ್ಕೆ ಸೇರಿ ಎರಡರಿಂದ ಐದು ವರ್ಷವಾದವರನ್ನು, ಅದರಲ್ಲೂ ಸಾಹಿತ್ಯ ಅಥವಾ ಭಾಷಾವಿಜ್ಞಾನ ಓದಿ ಬಂದವರನ್ನು ಆರಿಸಿದೆ. ಒಂದೇ ಕಂಪನಿಯವರು ಇಬ್ಬರಿಗಿಂತ ಹೆಚ್ಚು ಬೇಡವೆಂದುಕೊಂಡೆ. ಇಲ್ಲದಿದ್ದರೆ ಆ ಕಂಪನಿಯೊಳಗಿನ ಮಾತೇ ಇಡೀ ವೃತ್ತಿಯ ಮಾತೆಂದು ತೋರುತ್ತದೆ. ಹನ್ನೆರಡು ಪುಟಗಳು ಉಳಿದವು.

ಎರಡನೆಯದು ಕೋಷ್ಟಕ. ಅಡ್ಡಸಾಲಿಗೊಂದು ಪುಟ, ಹೆಸರಿಲ್ಲ, ಬರೀ ಅ, ಆ, ಇ, ಈ. ಉದ್ದಸಾಲುಗಳು ಐದು: ಹೆಡ್‌ಲೈನಿನ ಕ್ರಮ, ಪರಿಚಯದ ಮೊದಲ ವಾಕ್ಯ ಮಾಡುವ ಕೆಲಸ, ಅನುಭವದ ಸಾಲುಗಳ ರಚನೆ, ವೃತ್ತಿಯ ಪದಗಳು, ತೋರಿಸಿದ ಪುರಾವೆ. ಇಲ್ಲಿ ಒಂದು ಕಟ್ಟುನಿಟ್ಟು ಮಾಡಿಕೊಂಡೆ: ಯಾರ ವಾಕ್ಯವನ್ನೂ ಕೋಷ್ಟಕಕ್ಕೆ ನಕಲು ಮಾಡಿ ಹಾಕಕೂಡದು. ವಾಕ್ಯದ ಬದಲು ಅದರ ಅಸ್ಥಿಪಂಜರ ಬರೆಯಬೇಕು. ಹೆಡ್‌ಲೈನಿಗೆ "ಹುದ್ದೆ – ಭಾಷೆ – ಕ್ಷೇತ್ರ" ಎಂದು, ಅನುಭವದ ಸಾಲಿಗೆ "ಕ್ರಿಯೆ – ವಸ್ತು – ಪ್ರಮಾಣ – ಏನಾಯಿತು" ಎಂದು. ವೃತ್ತಿಯ ಪದಗಳನ್ನು ಮಾತ್ರ ಇದ್ದ ಹಾಗೇ ಬರೆದುಕೊಂಡೆ. ಅವು ಯಾರ ಸ್ವತ್ತೂ ಅಲ್ಲ, ಕಮ್ಮಾರನಿಗೆ ಸುತ್ತಿಗೆ ಇದ್ದ ಹಾಗೆ.

ಮೂರನೆಯ ದಿನ ಕೋಷ್ಟಕದಲ್ಲಿ ಒಂದು ವಿಚಿತ್ರ ಕಂಡಿತು. ಆ, ಉ, ಏ ಎಂಬ ಮೂರು ಪುಟಗಳಲ್ಲಿ ಒಂದೇ ಇಂಗ್ಲಿಷ್ ಪದದ ಕಾಗುಣಿತ ಒಂದೇ ರೀತಿ ತಪ್ಪಾಗಿತ್ತು. ಗ್ರಂಥಸಂಪಾದನೆಯಲ್ಲಿ ಮೊದಲು ಕಲಿಸುವ ಪಾಠವಿದು: ಎರಡು ಪ್ರತಿಗಳಲ್ಲಿ ಸರಿಯಾದ ಪಾಠ ಒಂದೇ ಆಗಿದ್ದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ, ಒಂದೇ ತಪ್ಪು ಒಂದೇ ಜಾಗದಲ್ಲಿ ಇದ್ದರೆ ಒಂದನ್ನು ನೋಡಿ ಇನ್ನೊಂದನ್ನು ಬರೆದಿರಬೇಕು, ಇಲ್ಲವೆ ಎರಡಕ್ಕೂ ಒಂದೇ ಮಾತೃಕೆ ಇರಬೇಕು. ಮತ್ತೆ ನೋಡಿದರೆ ಆ ಮೂರರ ಪರಿಚಯದ ಮೊದಲ ಪ್ಯಾರಾ ಕೂಡ ಒಂದೇ. ನನ್ನಂತೆಯೇ ಅವರಲ್ಲಿ ಯಾರೋ ಎತ್ತಿಕೊಂಡಿದ್ದರು. ಬೈಯುವ ಯೋಗ್ಯತೆ ನನಗಿರಲಿಲ್ಲ. ಆದರೆ ಲೆಕ್ಕಕ್ಕೆ ಅದು ಮುಖ್ಯವಾಗಿತ್ತು. ಒಂದರಿಂದೊಂದು ನಕಲಾದ ಮೂರು ಪ್ರತಿಗಳು ಮೂರು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಹನ್ನೆರಡು ಹತ್ತಾಯಿತು.

ಆಮೇಲೆ ಎಣಿಕೆ. ಒಂದು ಪದ ಒಟ್ಟು ಎಷ್ಟು ಸಲ ಬಂತು ಎಂದಲ್ಲ, ಎಷ್ಟು ಪುಟಗಳಲ್ಲಿ ಬಂತು ಎಂದು. ಒಬ್ಬರೇ ಎಂಟು ಸಲ ಬರೆದ ಪದ ಅವರ ಅಭ್ಯಾಸ. ಎಂಟು ಮಂದಿ ಒಂದೊಂದು ಸಲ ಬರೆದ ಪದ ವೃತ್ತಿಯದು. "ಟರ್ಮಿನಾಲಜಿ" ಹತ್ತರಲ್ಲಿ ಒಂಬತ್ತರಲ್ಲಿತ್ತು, "ಸ್ಟೈಲ್ ಗೈಡ್" ಏಳರಲ್ಲಿ, "ಪೋಸ್ಟ್ ಎಡಿಟಿಂಗ್" ಆರರಲ್ಲಿ. "ಪ್ಯಾಶನೇಟ್" ಎಂಟರಲ್ಲಿತ್ತು.

ಈ ಕೊನೆಯ ಪದದಲ್ಲಿ ನಾನು ಎಡವುವುದರಲ್ಲಿದ್ದೆ. ಎಂಟು ಮಂದಿ ಬಳಸಿದ್ದಾರೆಂದರೆ ಬೇಕಾದ ಪದವೇ ಇರಬೇಕು ಎನಿಸಿತ್ತು. ಆದರೆ ನನ್ನ ಮುಂದಿದ್ದವರೆಲ್ಲ ಕೆಲಸ ಸಿಕ್ಕವರು. ಸಿಗದವರೂ ಅದೇ ಪದ ಬಳಸಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಹಾಗಾಗಿ ಇನ್ನೆರಡು ಕಟ್ಟು ಮಾಡಿದೆ. ಒಂದು, ಇದೇ ಹುದ್ದೆಯ ಹತ್ತು ಜಾಹೀರಾತುಗಳು. ಇನ್ನೊಂದು, ಈ ಕೆಲಸಕ್ಕೆ ಸೇರದ, ನನ್ನಂಥದೇ ಓದಿನ ಎಂಟು ಸಂಶೋಧಕರ ಪುಟಗಳು. "ಪ್ಯಾಶನೇಟ್" ಸಂಶೋಧಕರಲ್ಲೂ ಆರು ಮಂದಿಯ ಪುಟದಲ್ಲಿತ್ತು, ಜಾಹೀರಾತುಗಳಲ್ಲಿ ಎರಡರಲ್ಲಿ ಮಾತ್ರ. ಅದು ಕಾಗದದ ಮೇಲಿನ "ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ" ಇದ್ದಂತೆ, ಬರೀ ವಾಡಿಕೆ. "ಟರ್ಮಿನಾಲಜಿ" ಎಂಟು ಜಾಹೀರಾತುಗಳಲ್ಲಿತ್ತು, ಸಂಶೋಧಕರಲ್ಲಿ ಒಬ್ಬರಲ್ಲಿ ಮಾತ್ರ. ಬೇಡುವವರಲ್ಲೂ ಸೇರಿದವರಲ್ಲೂ ಇದ್ದು ಹೊರಗಿರುವವರಲ್ಲಿ ಇಲ್ಲದ ಪದ ಅದು. ಇಂಥ ಪದಗಳು ಒಟ್ಟು ಏಳು ಸಿಕ್ಕವು. ಇಷ್ಟು ಚಿಕ್ಕ ಕಟ್ಟಿನಿಂದ ಒಂದೆರಡು ಅಂಕಿ ಆಚೀಚೆಯಾದರೆ ಅರ್ಥ ಹುಡುಕಬಾರದು. ಎಂಟಕ್ಕೂ ಒಂದಕ್ಕೂ ಇರುವಂಥ ವ್ಯತ್ಯಾಸವನ್ನಷ್ಟೇ ನಂಬಿದೆ.

ಈಗ ಕಷ್ಟದ ಭಾಗ. ಏಳು ಪದಗಳನ್ನು ಎಡಕ್ಕೆ ಬರೆದು, ಪ್ರತಿಯೊಂದರ ಎದುರು "ಇದಕ್ಕೆ ನಾನು ಏನು ತೋರಿಸಬಲ್ಲೆ?" ಎಂದು ಕೇಳಿಕೊಂಡೆ. ಫೋನಿನಲ್ಲಿ ಎರಡನೇ ಪ್ರಶ್ನೆ ಬಂದರೂ ನಿಲ್ಲುವ ಉತ್ತರ ಬೇಕಿತ್ತು.

ಟರ್ಮಿನಾಲಜಿ ಎದುರು ಪೆನ್ನು ತಾನಾಗಿ ಓಡಿತು. ನನ್ನ ವೈದ್ಯಗ್ರಂಥದ ಗಿಡಮೂಲಿಕೆ, ರೋಗಗಳ ಹೆಸರುಗಳಿಗೆ 640 ನಮೂದುಗಳ ಪದಪಟ್ಟಿ ಮಾಡಿದ್ದೆ. ಒಪ್ಪಿತ ರೂಪ, ಪ್ರತಿಗಳಲ್ಲಿರುವ ಇತರ ರೂಪಗಳು, ಅರ್ಥ, ಎಲ್ಲಿ ಬಂದಿದೆ. ಅವರು ಟರ್ಮ್‌ಬೇಸ್ ಎನ್ನುವುದರ ಅಂಕಣಗಳೂ ಬಹುತೇಕ ಇವೇ. ಸ್ಟೈಲ್ ಗೈಡ್ ಎದುರು: ನನ್ನೊಂದಿಗೆ ಲಿಪ್ಯಂತರ ಮಾಡಿದ ಇಬ್ಬರು ಎಂ.ಎ. ವಿದ್ಯಾರ್ಥಿಗಳಿಗೆ ಬರೆದುಕೊಟ್ಟ ನಾಲ್ಕು ಪುಟದ ನಿಯಮಗಳು, ಱ ಮತ್ತು ೞ ಉಳಿಸಿಕೊಳ್ಳುವುದೆಲ್ಲಿ, ಅನುಸ್ವಾರ ಬಿಡಿಸುವುದೆಲ್ಲಿ. ಗುಣಮಟ್ಟ ಪರಿಶೀಲನೆ ಎದುರು ಕೈ ನಿಂತಿತು. ಆಮೇಲೆ ನೆನಪಾಯಿತು: ಒಂದೇ ಗರಿಯನ್ನು ಆ ಇಬ್ಬರೂ ಬೇರೆ ಬೇರೆ ಟೈಪ್ ಮಾಡುತ್ತಿದ್ದರು, ವ್ಯತ್ಯಾಸಗಳನ್ನು ನಾನು ಅಕ್ಷರ ತಪ್ಪು, ಬಿಟ್ಟುಹೋದದ್ದು, ನಿಯಮ ಮೀರಿದ್ದು ಎಂದು ಮೂರಾಗಿ ಗುರುತಿಸುತ್ತಿದ್ದೆ. ಫೋನಿನಲ್ಲಿ ಕೇಳಿದ್ದು ಇದನ್ನೇ. ಉತ್ತರ ನನ್ನ ಹತ್ತಿರ ಇತ್ತು! ಬೇರೆಯವರ ಸಾಲನ್ನು ಹೊದ್ದುಕೊಂಡಿದ್ದರಿಂದ ಅದು ನನಗೇ ಕಾಣಿಸಿರಲಿಲ್ಲ.

ಪೋಸ್ಟ್ ಎಡಿಟಿಂಗ್, ಅಂದರೆ ಯಂತ್ರ ಮಾಡಿದ ಅನುವಾದವನ್ನು ತಿದ್ದುವ ಕೆಲಸ, ನಾನು ಮಾಡಿರಲಿಲ್ಲ. ಆ ಸ್ಥಳ ಖಾಲಿ ಬಿಟ್ಟೆ. ಅನುವಾದದ ತಂತ್ರಾಂಶವೂ ಗೊತ್ತಿರಲಿಲ್ಲ. ಅದನ್ನು ಕಲಿಯಬಹುದಿತ್ತು. ಒಮೆಗಾಟಿ ಎಂಬ ಉಚಿತ ತಂತ್ರಾಂಶವಿದೆ; ಅದರ ಪದಕೋಶವೆಂದರೆ ಮೂಲಪದ, ಅನುವಾದ, ಟಿಪ್ಪಣಿಗಳನ್ನು ಟ್ಯಾಬ್‌ನಿಂದ ಬೇರ್ಪಡಿಸಿದ ಸರಳ ಪಠ್ಯಕಡತ. ತಿಂಗಳು ಹಿಡಿಯಿತು. ಆಮೇಲಷ್ಟೇ ಆ ಪದ ಬರೆದೆ.

ಬರೆಯುವ ಮುಂಚೆ ಎಲ್ಲ ಪುಟಗಳನ್ನೂ ಮುಚ್ಚಿ ಎರಡು ದಿನ ಬಿಟ್ಟೆ. ಎದುರಿಗಿದ್ದದ್ದು ನನ್ನ ಪುರಾವೆಪಟ್ಟಿ ಮತ್ತು ಆ ಅಸ್ಥಿಪಂಜರ. ಹಳೆಯ ಸಾಲು ಹೀಗಿತ್ತು: "ಪ್ರಾಚೀನ ಕನ್ನಡ ಹಸ್ತಪ್ರತಿಗಳ ಅಧ್ಯಯನದಲ್ಲಿ ತೊಡಗಿರುವೆ." ಹೊಸದು: "ಐದು ಹಸ್ತಪ್ರತಿಗಳಿಂದ 640 ವೈದ್ಯಕೀಯ ಪದಗಳ ಟರ್ಮಿನಾಲಜಿ ಪಟ್ಟಿ ಕಟ್ಟಿದೆ, ಇಬ್ಬರು ಲಿಪಿಕಾರರ ತಂಡ ಅದನ್ನೂ ನಾನು ಬರೆದ ಸ್ಟೈಲ್ ಗೈಡನ್ನೂ ಅನುಸರಿಸಿತು." ಕ್ರಿಯೆ, ವಸ್ತು, ಪ್ರಮಾಣ, ಏನಾಯಿತು. ಕ್ರಮ ಎಲ್ಲರದು, ತುಂಬಿದ್ದು ಬೇರೆ ಯಾರ ಪುಟಕ್ಕೂ ಹೊಂದದ್ದು. ಕೊನೆಗೆ ನನ್ನ ಪ್ರತಿ ಸಾಲನ್ನೂ ಹನ್ನೆರಡು ಪುಟಗಳೊಂದಿಗೆ ತಾಳೆ ನೋಡಿದೆ. ಹುದ್ದೆಯ ಹೆಸರು, ಉಪಕರಣದ ಹೆಸರು ಬಿಟ್ಟು ಸತತ ಐದು ಪದ ಒಂದೇ ಆಗಿದ್ದಲ್ಲೆಲ್ಲ ಮತ್ತೆ ಬರೆದೆ. ಎರಡು ಕಡೆ ಸಿಕ್ಕಿತು. ಉದ್ದೇಶವಿಲ್ಲದೆಯೂ ಕಿವಿಯಲ್ಲಿ ಉಳಿದಿತ್ತು.

ಆ ಹನ್ನೆರಡರಲ್ಲಿ ಒಂದು ನಮ್ಮ ವಿಭಾಗದಲ್ಲೇ ಓದಿದ ಅಕ್ಕನದು. ನಾನು ಅವಳ ಪುಟ ನೋಡಿದ್ದು ಅವಳಿಗೆ ಕಾಣಿಸಿ ಫೋನ್ ಮಾಡಿದಳು. ನಡೆದದ್ದನ್ನೆಲ್ಲ ಹೇಳಿ, ಮೊದಲು ಎತ್ತಿಕೊಂಡಿದ್ದು ಅವಳ ಸಾಲೇ ಎಂದೂ ಒಪ್ಪಿಕೊಂಡೆ. ಅವಳು ನಕ್ಕಳು. "ಅಯ್ಯೋ, ಆ ಸಾಲು ನಾನೂ ಎಲ್ಲಿಂದಲೋ ತಗೊಂಡಿದ್ದು ಕಣೆ. ನನಗೆ ಸಂದರ್ಶನದಲ್ಲಿ ಅದನ್ನ ಯಾರೂ ಕೇಳಲಿಲ್ಲ, ಅಷ್ಟೆ."

ಕೋಷ್ಟಕ ತೆರೆದು ನೋಡಿದೆ. ಅವಳು 'ಉ'.

ಹೊಸ ಪುಟ ಹಾಕಿದ ಮೇಲೆ ಒಂದು ಕಡೆಯಿಂದ ಅನುವಾದ ಪರೀಕ್ಷೆ ಬಂದಿದೆ. ಮುನ್ನೂರು ಪದ, ಮೂರು ದಿನ. ಅದಕ್ಕೂ ಮುಂಚೆ ಫೋನಿನಲ್ಲಿ ಮಾತಾಡಿದವರು ಪದಪಟ್ಟಿಯ ಬಗ್ಗೆ ಕೇಳಿದರು: ಒಂದೇ ಗಿಡಕ್ಕೆ ಎರಡು ಪ್ರತಿಗಳಲ್ಲಿ ಎರಡು ಹೆಸರಿದ್ದರೆ ಯಾವುದನ್ನು ಇಟ್ಟುಕೊಂಡಿರಿ, ಏಕೆ? ಹೇಳತೊಡಗಿದೆ. ಅವರೇ ನಡುವೆ ತಡೆದು, ಸಮಯವಾಯಿತು ಎಂದರು.