ಬಾಣ ಯಾವ ಕಡೆ ತೋರಿಸುತ್ತಿದೆ?

ಮಕ್ಕಳೇ, ನಕ್ಷೆ ಬಿಡಿಸುವುದು ನಿಮಗೆ ಹೊಸದಲ್ಲ. ಸಮಾಜ ವಿಜ್ಞಾನದ ತರಗತಿಯಲ್ಲಿ ಕರ್ನಾಟಕವನ್ನು ಬಿಡಿಸಿದ್ದೀರಿ, ಜಿಲ್ಲೆಯನ್ನು ಬಿಡಿಸಿದ್ದೀರಿ. ಮೇಲೆ ಉತ್ತರ, ಕೆಳಗೆ ದಕ್ಷಿಣ, ಎಡಕ್ಕೆ ಪಶ್ಚಿಮ. ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದವರಿಗೆ ಎಡಕ್ಕೆ ಕಡಲು ಎಂದರೂ ಸರಿಯೇ. ಆದರೆ ಒಂದು ನಕ್ಷೆಗೆ ಈ ನಿಯಮ ಸಲ್ಲುವುದಿಲ್ಲ. ಬೆಂಕಿ, ಹೊಗೆ ಅಥವಾ ಬೇರೆ ಅಪಾಯ ಬಂದಾಗ ಶಾಲೆಯಿಂದ ಹೊರಗೆ ಹೋಗುವ ದಾರಿಯನ್ನು ತೋರಿಸುವ ನಕ್ಷೆ ಅದು. ಉಳಿದ ನಕ್ಷೆಗಳನ್ನು ನಾವು ಕುಳಿತು ಓದುತ್ತೇವೆ. ಇದನ್ನು ನಿಂತಲ್ಲೇ, ಒಂದೇ ನೋಟದಲ್ಲಿ ಓದಬೇಕು.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಬೆಂಕಿ ಹುಲ್ಲಿನ ಛಾವಣಿಗೆ ಹತ್ತಿ 94 ಮಕ್ಕಳು ತೀರಿಕೊಂಡರು. ಅಲ್ಲಿ ಮೇಲಿನ ಅಂತಸ್ತಿನಿಂದ ಇಳಿಯುವ ಮೆಟ್ಟಿಲು ಇಕ್ಕಟ್ಟಾಗಿತ್ತು. ಆ ದುರಂತದ ನಂತರ ನಡೆದ ಮೊಕದ್ದಮೆಯಲ್ಲಿ, 2009ರಲ್ಲಿ, ಸುರಕ್ಷಿತವಾದ ಶಾಲೆ ಮಕ್ಕಳ ಹಕ್ಕು ಎಂದು ಸುಪ್ರೀಂ ಕೋರ್ಟು ಹೇಳಿತು. ಶಾಲೆಯ ಗೋಡೆಯ ಮೇಲೆ ಇಂಥ ನಕ್ಷೆ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ಇಷ್ಟು ಹೇಳಿದರೆ ಸಾಕು.

ಈಗ ನಕ್ಷೆಯ ವಿಷಯಕ್ಕೆ ಬರೋಣ. ನಾನು ಮೂರೂ ತಾಲೂಕುಗಳ ಶಾಲೆಗಳಿಗೆ ಹೋಗುತ್ತಿರುತ್ತೇನೆ. ಅವುಗಳಲ್ಲಿ ಒಂದು ಎರಡಂತಸ್ತಿನ ಶಾಲೆಯ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಕಟ್ಟಡ ಉತ್ತರದಿಂದ ದಕ್ಷಿಣಕ್ಕೆ ಉದ್ದವಾಗಿದೆ. ಮೇಲಿನ ಅಂತಸ್ತಿನಲ್ಲಿ ಸಾಲಾಗಿ ನಾಲ್ಕು ಕೋಣೆಗಳು: ಉತ್ತರದ ತುದಿಯಲ್ಲಿ ಏಳನೆಯ ತರಗತಿ, ಆಮೇಲೆ ಆರನೆಯದು, ಐದನೆಯದು, ಕೊನೆಗೆ ಕಂಪ್ಯೂಟರ್ ಕೋಣೆ. ಕೋಣೆಗಳ ಮುಂದೆ, ಪೂರ್ವದ ಕಡೆ, ಎರಡು ಮೀಟರ್ ಅಗಲದ ಜಗಲಿ. ಜಗಲಿಯ ಎರಡು ತುದಿಗಳಲ್ಲೂ ಮೆಟ್ಟಿಲುಗಳಿವೆ. ಉತ್ತರದ ಮೆಟ್ಟಿಲ ಬುಡದಲ್ಲಿ ಬಿಸಿಯೂಟದ ಅಡುಗೆ ಕೋಣೆ. ಜಗಲಿಯ ಎದುರಿಗೆ ಮೈದಾನ.

ಅಲ್ಲಿನ ಏಳನೆಯ ತರಗತಿಯ ಮಕ್ಕಳು ಟೇಪು ಹಿಡಿದು ಅಳೆದರು. ಪ್ರತಿ ಕೋಣೆಯೂ ಆರು ಮೀಟರ್ ಉದ್ದ, ಆರು ಮೀಟರ್ ಅಗಲ. ನಾಲ್ಕು ಕೋಣೆಗೆ 24 ಮೀಟರ್, ಎರಡು ಮೆಟ್ಟಿಲುಗಳಿಗೆ ತಲಾ ಎರಡು ಮೀಟರ್, ಒಟ್ಟು 28. ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಎಂದು ಅಳತೆ ಹಿಡಿದರೆ ಎ4 ಹಾಳೆಯ ಉದ್ದದಲ್ಲಿ ಸರಿಯಾಗಿ ಕೂರುತ್ತದೆ. ಪುಸ್ತಕದಲ್ಲಿ ಕಲಿತಂತೆಯೇ ಅವರು ಉತ್ತರವನ್ನು ಮೇಲೆ ಇಟ್ಟು ಅಂದವಾಗಿ ಬಿಡಿಸಿದರು. ನಾವು ಅದನ್ನು ಆರನೆಯ ತರಗತಿಯ ಒಳಗೆ, ಬಾಗಿಲಿನ ಪಕ್ಕದ ಗೋಡೆಗೆ ಅಂಟಿಸಿದೆವು.

ಆಮೇಲೆ ಪರೀಕ್ಷೆ. ನಕ್ಷೆಯನ್ನು ಹಿಂದೆ ನೋಡಿರದ ಒಬ್ಬರನ್ನು ಅದರ ಮುಂದೆ ನಿಲ್ಲಿಸಬೇಕು. ಒಂದು, ಎರಡು, ಮೂರು ಎಂದು ಎಣಿಸಿ ನಕ್ಷೆಯನ್ನು ನೋಟ್ ಪುಸ್ತಕದಿಂದ ಮುಚ್ಚಬೇಕು. ಕೂಡಲೇ, "ಎತ್ತ ಹೋಗಬೇಕು? ಕೈ ತೋರಿಸು" ಎನ್ನಬೇಕು. ಬಾಯಿಯ ಉತ್ತರ ಬೇಡ, ಕೈಯ ಉತ್ತರವೇ ಬೇಕು. ಬಾಯಿಯಲ್ಲಿ ಉತ್ತರ ಎಂದು ಸರಿಯಾಗಿ ಹೇಳಿ ಕಾಲು ಬೇರೆ ಕಡೆ ಇಡುವವರನ್ನು ನಾನು ಬಹಳ ನೋಡಿದ್ದೇನೆ. ದೊಡ್ಡವರಲ್ಲಿ ಇನ್ನೂ ಹೆಚ್ಚು!

ಮೊದಲು ಬಂದ ಹುಡುಗಿ ಕೈಯನ್ನು ನೆಟ್ಟಗೆ ಛಾವಣಿಯ ಕಡೆಗೆ ಎತ್ತಿದಳು. "ಮೇಲ್ ಹತ್ತುದಾ ಟೀಚರ್?" ಎಂದು ಕೇಳಿದಳು. ಇನ್ನೊಬ್ಬ ಹುಡುಗ ನೇರ ಮುಂದಕ್ಕೆ ತೋರಿಸಿದ. ಮುಂದೆ ಇದ್ದದ್ದು ಜಗಲಿಯ ಅರೆಗೋಡೆ, ಅದರಾಚೆ ಬರಿಯ ಗಾಳಿ. ಮತ್ತೊಬ್ಬ ಬಲಕ್ಕೆ ತೋರಿಸಿದ, ಏಕೆಂದರೆ ಮೈದಾನ ಹಾಳೆಯ ಬಲಗಡೆಗಿತ್ತು.

ಏನಾಯಿತು, ನೀವೇ ಯೋಚಿಸಿ. ಆರನೆಯ ತರಗತಿಯ ಬಾಗಿಲು ಪೂರ್ವಕ್ಕಿದೆ. ಬಾಗಿಲಿನ ಪಕ್ಕದ ಗೋಡೆಯನ್ನು ನೋಡುವವರು ಪೂರ್ವಕ್ಕೆ ಮುಖ ಮಾಡಿ ನಿಂತಿರುತ್ತಾರೆ. ಅವರಿಗೆ ಉತ್ತರದ ಮೆಟ್ಟಿಲು ಇರುವುದು ಎಡಗೈ ಕಡೆ. ಆದರೆ ಹಾಳೆಯಲ್ಲಿ ಆ ಮೆಟ್ಟಿಲು ಮೇಲ್ತುದಿಯಲ್ಲಿತ್ತು, ಬಾಣ ಮೇಲಕ್ಕೆ ಮುಖ ಮಾಡಿತ್ತು. ನಕ್ಷೆಯಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ಓದುವವರು ಮನಸ್ಸಿನಲ್ಲೇ ಅದನ್ನು ಕಾಲು ಸುತ್ತು ತಿರುಗಿಸಿಕೊಳ್ಳಬೇಕಿತ್ತು, ಅಷ್ಟೆ. ಸಮಾಧಾನವಾಗಿ ಕುಳಿತಾಗ ಅದು ಕಷ್ಟವಲ್ಲ. ಹೊಗೆ ಬರುತ್ತಿರುವಾಗ ಯಾರೂ ಅದನ್ನು ಮಾಡುವುದಿಲ್ಲ.

ಆದ್ದರಿಂದ ಈ ನಕ್ಷೆಯಲ್ಲಿ ಹಾಳೆಯ ಮೇಲ್ಭಾಗವೆಂದರೆ ಉತ್ತರವಲ್ಲ. ನೋಡುವವರ ಮುಂದೆ ಏನಿದೆಯೋ ಅದೇ ಮೇಲ್ಭಾಗ. ಅವರ ಎಡ ಹಾಳೆಯಲ್ಲೂ ಎಡ, ಅವರ ಬಲ ಹಾಳೆಯಲ್ಲೂ ಬಲ. ಇಂಥ ನಕ್ಷೆಗಳಿಗೆಂದೇ ಇರುವ ಅಂತರರಾಷ್ಟ್ರೀಯ ಮಾನಕ, ಐಎಸ್‌ಓ 23601, ಹೇಳುವುದೂ ಇದನ್ನೇ. ಮಕ್ಕಳು ಹಾಳೆಯನ್ನು ಅಡ್ಡ ಹಿಡಿದು ಮತ್ತೆ ಬಿಡಿಸಿದರು. ಈಗ ಕೋಣೆಗಳ ಸಾಲು ಕೆಳಗೆ, ಅದರ ಮೇಲೆ ಜಗಲಿ, ಅದರ ಮೇಲೆ ಮೈದಾನ, ಉತ್ತರದ ಮೆಟ್ಟಿಲು ಎಡತುದಿಯಲ್ಲಿ. ನೋಡುವವರು ನಿಂತ ಜಾಗಕ್ಕೆ ಒಂದು ನೀಲಿ ಚುಕ್ಕೆ, ಪಕ್ಕದಲ್ಲಿ "ನೀವು ಇಲ್ಲಿದ್ದೀರಿ". ಈ ಸಲ ಎಣಿಕೆ ಮೂರಕ್ಕೆ ಬರುವ ಮೊದಲೇ ಕೈಗಳು ಎಡಕ್ಕೆ ಹೋದವು.

ಇಲ್ಲೇ ಇನ್ನೊಂದು ಬಲೆ ಇದೆ. ನಕ್ಷೆ ಚೆನ್ನಾಗಿ ಬಂದಿದೆಯೆಂದು ಅದನ್ನೇ ಜೆರಾಕ್ಸ್ ಮಾಡಿಸಿ ಜಗಲಿಯಲ್ಲೂ ಅಂಟಿಸಿದರೆ? ಜಗಲಿಯಲ್ಲಿ ನಿಂತು ಕೋಣೆಯ ಹೊರಗೋಡೆಯನ್ನು ನೋಡುವವರ ಮುಖ ಪಶ್ಚಿಮಕ್ಕಿರುತ್ತದೆ. ಅವರಿಗೆ ಉತ್ತರದ ಮೆಟ್ಟಿಲು ಬಲಕ್ಕಿದೆ. ಅದೇ ಪ್ರತಿ ಅವರನ್ನು ಎಡಕ್ಕೆ, ಅಂದರೆ ದಕ್ಷಿಣಕ್ಕೆ ಕಳಿಸುತ್ತದೆ! ಒಂದೇ ಗೋಡೆಯ ಒಳಮೈಗೆ ಮತ್ತು ಹೊರಮೈಗೆ ಬೇರೆ ಬೇರೆ ನಕ್ಷೆ ಬೇಕು. ಹೊರಗಿನದು ಒಳಗಿನದರ ಅರ್ಧ ಸುತ್ತು ತಿರುಗಿದ ರೂಪ. ಅಕ್ಷರಗಳನ್ನು ಮಾತ್ರ ನೆಟ್ಟಗೆ ಹೊಸದಾಗಿ ಬರೆಯಬೇಕು.

ಬಾಣಗಳ ವಿಷಯದಲ್ಲಿ ಮಕ್ಕಳ ಕೈ ಧಾರಾಳ. ಜಗಲಿ ತುಂಬ ಇರುವೆ ಸಾಲಿನಂತೆ ಬಾಣ ಹಾಕುತ್ತೀರಿ. ಆಗ ಕಣ್ಣಿಗೆ ಕಾಣುವುದು ಗಿಜಿಗಿಜಿಯೇ ಹೊರತು ದಾರಿಯಲ್ಲ. ಯಾರಾದರೂ ಹಿಂಜರಿದು "ಈಗ ಎತ್ತ?" ಎನ್ನುವ ಜಾಗಗಳಲ್ಲಿ ಮಾತ್ರ ಬಾಣ ಸಾಕು. ಆರನೆಯ ತರಗತಿಗೆ ಅಂಥ ಜಾಗ ಮೂರು: ಬಾಗಿಲು ದಾಟಿ ತಿರುಗುವಲ್ಲಿ, ಮೆಟ್ಟಿಲು ಶುರುವಾಗುವಲ್ಲಿ, ಮೆಟ್ಟಿಲು ಇಳಿದು ಮೈದಾನಕ್ಕೆ ತಿರುಗುವಲ್ಲಿ. ಬಾಣದ ಗೆರೆ ಗೋಡೆಯ ಗೆರೆಗಿಂತ ದಪ್ಪವಾಗಿರಲಿ. ದಾರಿಗೆ ಹಸಿರು ಬಣ್ಣವೇ ರೂಢಿ. ಸಿನಿಮಾ ಮಂದಿರದಲ್ಲೋ ಆಸ್ಪತ್ರೆಯಲ್ಲೋ ಬಾಗಿಲ ಮೇಲೆ ಓಡುತ್ತಿರುವ ಹಸಿರು ಮನುಷ್ಯನನ್ನು ನೀವು ನೋಡಿರಬಹುದು. ಅವನನ್ನು ರೂಪಿಸಿದವರು ಜಪಾನಿನ ಯುಕಿಯೊ ಓಟಾ. ಓದು ಬರದವರಿಗೂ ಅವನು ಅರ್ಥವಾಗುತ್ತಾನೆ. ಆದರೆ ಬಣ್ಣವನ್ನೇ ನಂಬಬೇಡಿ. ಕೆಲವರ ಕಣ್ಣಿಗೆ ಹಸಿರು, ಕೆಂಪು ಒಂದೇ ತೆರನಾಗಿ ಕಾಣುತ್ತವೆ. ಜೆರಾಕ್ಸ್ ಯಂತ್ರಕ್ಕೂ ಹಾಗೆಯೇ. ಕಪ್ಪು ಬಿಳುಪಿನಲ್ಲೂ ದಾರಿ ಎದ್ದು ಕಾಣಬೇಕು.

ಎರಡು ತರಗತಿಗಳ ಬಾಣಗಳು ಎದುರುಬದುರಾಗಬಾರದು. ಈ ಶಾಲೆಯಲ್ಲಿ ಆರು ಮತ್ತು ಏಳು ಉತ್ತರಕ್ಕೆ, ಐದು ಮತ್ತು ಕಂಪ್ಯೂಟರ್ ಕೋಣೆ ದಕ್ಷಿಣಕ್ಕೆ ಎಂದು ಹಂಚಿದೆವು. ಆದರೆ ಬೆಂಕಿ ಅಡುಗೆ ಕೋಣೆಯಲ್ಲೇ ಎದ್ದರೆ? ಆಗ ಉತ್ತರದ ಮೆಟ್ಟಿಲು ಹೊಗೆಯಿಂದ ತುಂಬುತ್ತದೆ, ಎಲ್ಲರೂ ದಕ್ಷಿಣಕ್ಕೇ ಹೋಗಬೇಕು. ಆ ಎರಡನೆಯ ದಾರಿಯನ್ನು ತುಂಡುಗೆರೆಯಲ್ಲಿ, ತೆಳುವಾಗಿ ತೋರಿಸಿದರು.

ದಕ್ಷಿಣದ ಮೆಟ್ಟಿಲ ಬುಡದಲ್ಲಿ ಕಬ್ಬಿಣದ ಗ್ರಿಲ್ ಬಾಗಿಲು, ಅದಕ್ಕೆ ಬೀಗ. ದನ ಬರಬಾರದೆಂದು ಹಾಕಿದ್ದಂತೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಎದ್ದು ಒಂಬತ್ತು ಜನ ತೀರಿಕೊಂಡಾಗ, ಹೊರದಾರಿಗಳು ತೆರೆದಿರಲಿಲ್ಲವೆಂಬುದೇ ದೊಡ್ಡ ಆಕ್ಷೇಪವಾಗಿತ್ತು. ಬೀಗವಿರುವ ಬಾಗಿಲಿಗೆ ಬಾಣ ಹಾಕುವುದಕ್ಕಿಂತ ಬಾಣ ಹಾಕದಿರುವುದೇ ಮೇಲು. ಮುಖ್ಯ ಶಿಕ್ಷಕರು ಒಂದು ಏರ್ಪಾಡು ಮಾಡಿದರು: ಬೆಳಗಿನ ಪ್ರಾರ್ಥನೆಗೆ ಮೊದಲು ಬೀಗ ತೆಗೆದು ಬರಿಯ ಚಿಲಕ ಹಾಕುವುದು, ಸಂಜೆ ಮತ್ತೆ ಬೀಗ. ಬೀಗ ತೆಗೆದಿದೆಯೇ ಎಂದು ನೋಡುವ ಕೆಲಸ ಶಾಲಾ ಮಂತ್ರಿಮಂಡಲದ್ದು. ದಕ್ಷಿಣದ ಬಾಣ ನಕ್ಷೆಗೆ ಬಂದದ್ದು ಅದರ ನಂತರವೇ.

ಎಲ್ಲರೂ ಹೊರಬಂದು ಸೇರುವ ಜಾಗ ಎಲ್ಲಿರಬೇಕು? ಧ್ವಜದ ಕಟ್ಟೆಯ ಬಳಿ ಎಂದರು ಮಕ್ಕಳು. ಅದು ಕಟ್ಟಡದಿಂದ ಐದೇ ಮೀಟರ್. ಗೋಡೆ ಮಗುಚಿದರೆ ಅದು ತನ್ನ ಎತ್ತರದಷ್ಟು ದೂರ ಬೀಳಬಲ್ಲದು, ಆದ್ದರಿಂದ ಎತ್ತರ ತಿಳಿಯಬೇಕು. ಮಧ್ಯಾಹ್ನದ ಬಿಸಿಲಲ್ಲಿ ಒಂದು ಮೀಟರ್ ಕೋಲು ನೆಟ್ಟೆವು, ನೆರಳು 80 ಸೆಂಟಿಮೀಟರ್. ಅದೇ ಹೊತ್ತಿಗೆ ಕಟ್ಟಡದ ಮೂಲೆಯಿಂದ, ಕೋಲಿನ ನೆರಳು ಬಿದ್ದ ದಿಕ್ಕಿನಲ್ಲೇ ಅಳೆದಾಗ ಮೂಲೆಯ ನೆರಳು ಆರು ಮೀಟರ್. ಆರನ್ನು 0.8ರಿಂದ ಭಾಗಿಸಿದರೆ ಎತ್ತರ 7.5 ಮೀಟರ್. ಧ್ವಜದ ಕಟ್ಟೆ ಬಿಟ್ಟುಹೋಯಿತು. ತೆಂಗಿನ ಮರದ ಬುಡವೂ ಬೇಡ, ಅಗ್ನಿಶಾಮಕ ವಾಹನ ಒಳಬರುವ ಗೇಟಿನ ಹತ್ತಿರವೂ ಬೇಡ. ಕೊನೆಗೆ 11 ಮೀಟರ್ ದೂರದ ವಾಲಿಬಾಲ್ ಅಂಕಣ ಗೆದ್ದಿತು. ಹಾಳೆಯ ಮೇಲ್ಭಾಗದಲ್ಲಿ ಅದಕ್ಕೆ ಜಾಗವೂ ಇತ್ತು.

ನಕ್ಷೆ ಮುಗಿದದ್ದು ಜನವರಿಯಲ್ಲಿ. ಜುಲೈಯಲ್ಲಿ ನಾನು ಮತ್ತೆ ಹೋದಾಗ ಹೊರಗೆ ಜಡಿಮಳೆ. ಜಗಲಿಯ ಉದ್ದಕ್ಕೂ ಒಣಗಲೆಂದು ಬಿಡಿಸಿಟ್ಟ ಕೊಡೆಗಳು! ಎರಡು ಮೀಟರ್ ಜಗಲಿಯಲ್ಲಿ ಒಬ್ಬರು ನಡೆಯುವಷ್ಟೇ ಜಾಗ ಉಳಿದಿತ್ತು. ನಕ್ಷೆಯಲ್ಲಿ ಕೊಡೆ ಇರಲಿಲ್ಲ. ಮಕ್ಕಳು ಬಾಣದ ದಾರಿಯಲ್ಲಿ ಸಾಲಾಗಿ ನಡೆದು ನೋಡಿದರು, ಎರಡನೆಯ ಬಾಗಿಲಿನ ಎದುರೇ ಸಾಲು ನಿಂತಿತು. ಈಗ ಪ್ರತಿ ಕೋಣೆಯೊಳಗೆ, ಕಿಟಕಿಯ ಸರಳಿಗೆ ಹಗ್ಗ ಕಟ್ಟಿ, ಕೊಡೆಗಳನ್ನು ಮಡಚಿ ಅಲ್ಲೇ ತೂಗುಹಾಕುತ್ತಾರೆ. ಕೆಳಗೆ ನೀರು ಬೀಳುವಲ್ಲಿ ಒಂದು ಗೋಣಿ.